ಮದುವೆ ಡಿವಿಡಿ ಓಡದಿದ್ದರೆ ತಪ್ಪು ಯಾರದು?

2005ರಿಂದ ಹತ್ತು ಹನ್ನೆರಡು ವರ್ಷ ನಮ್ಮ ಊರುಗಳಲ್ಲಿ ನಡೆದ ಮದುವೆಗಳೆಲ್ಲ ಡಿವಿಡಿಗಳಲ್ಲಿ ಕೂತಿವೆ. ಬೀರುವಿನಿಂದ ಒಂದನ್ನು ತೆಗೆದು ಹಳೆಯ ಲ್ಯಾಪ್‌ಟಾಪಿಗೆ ಹಾಕಿದರೆ ಡ್ರೈವ್ ಗುಂಯ್ ಎಂದು ತಿರುಗುತ್ತದೆ, ಎರಡು ಸಲ ಟಿಕ್ ಟಿಕ್ ಎನ್ನುತ್ತದೆ, ಆಮೇಲೆ ಸುಮ್ಮನಾಗುತ್ತದೆ. ಪರದೆಯ ಮೇಲೆ `Please insert a disc` ಎಂದು ಬರುತ್ತದೆ, ಹಾಕಿದ ಡಿಸ್ಕ್ ಒಳಗೇ ಇದ್ದರೂ. ಕೂಡಲೇ ಹೊಸ ಡ್ರೈವ್ ಕೊಳ್ಳಲು ಹೊರಡಬೇಡಿ. ತಪ್ಪು ಡಿಸ್ಕಿನದೋ ಡ್ರೈವಿನದೋ ಎಂದು ಮನೆಯಲ್ಲೇ ತಿಳಿಯಬಹುದು.

ಅದಕ್ಕೆ ಬೇಕಾದದ್ದು ಮೂರು ಡಿಸ್ಕ್: ಅಂಗಡಿಯಲ್ಲಿ ಕೊಂಡ ಒಂದು ಹಾಡಿನ ಸಿಡಿ, ಕಂಪನಿಯವರೇ ಅಚ್ಚು ಹಾಕಿದ ಒಂದು ಸಿನಿಮಾ ಡಿವಿಡಿ, ಸ್ಟುಡಿಯೋದವರು ಬರ್ನ್ ಮಾಡಿಕೊಟ್ಟ ಮದುವೆ ಡಿವಿಡಿ. ಇವು ಮೂರೂ ಡ್ರೈವಿಗೆ ಒಂದೇ ಅಲ್ಲ. ಸಿಡಿ ಓದಲು 780 ನ್ಯಾನೋಮೀಟರ್ ತರಂಗಾಂತರದ ಲೇಸರ್ ಬೇಕು, ಡಿವಿಡಿಗೆ 650ರದು. ಡಿವಿಡಿ ಡ್ರೈವಿನ ಒಳಗೆ ಈ ಎರಡೂ ಲೇಸರ್ ಇದ್ದು, ಸಾಮಾನ್ಯವಾಗಿ ಒಂದೇ ಲೆನ್ಸಿನ ಮೂಲಕ ಹೊರಬರುತ್ತವೆ. ಹಾಗಾಗಿ ಸಿಡಿ ಚೆನ್ನಾಗಿ ಓಡಿ ಡಿವಿಡಿ ಒಂದೂ ಓಡದಿದ್ದರೆ ಡಿವಿಡಿಯ ಲೇಸರ್ ಸೊರಗಿರಬಹುದು ಎಂದು ಅನುಮಾನಿಸಬೇಕು. ಆದರೆ ಅದೇ ಕೊನೆಯ ಮಾತಲ್ಲ. ಡಿವಿಡಿಯ ಗೆರೆಗಳ ನಡುವಿನ ಅಂತರ 0.74 ಮೈಕ್ರಾನ್, ಸಿಡಿಯಲ್ಲಿ 1.6. ಲೆನ್ಸಿನ ಮೇಲೆ ತೆಳುವಾಗಿ ಮಬ್ಬು ಕೂತರೂ ಮೊದಲು ಎಡವುವುದು ಡಿವಿಡಿಯೇ. ಸಿನಿಮಾ ಡಿವಿಡಿ ಓಡಿ ಮದುವೆಯದು ಮಾತ್ರ ಓಡದಿದ್ದರೆ ಡಿಸ್ಕಿನ ಕಡೆ ನೋಡಬೇಕು. ಬರ್ನ್ ಮಾಡಿದ ಡಿಸ್ಕಿನಲ್ಲಿ ಮಾಹಿತಿ ಇರುವುದು ಒಂದು ಬಣ್ಣದ ಪದರದಲ್ಲಿ. ಬಿಸಿಲು, ಸೆಕೆ, ವಯಸ್ಸಿಗೆ ಅದು ಮಾಸುತ್ತದೆ. ಇನ್ನು ಡ್ರೈವಿನ ಹೆಸರೇ ಕಂಪ್ಯೂಟರಿನಲ್ಲಿ ಕಾಣದಿದ್ದರೆ ಅದು ಕೇಬಲ್ಲಿನದೋ ವಿಂಡೋಸಿನದೋ ತೊಂದರೆ. ಅದಕ್ಕೆ ಲೆನ್ಸ್ ಒರೆಸಿ ಫಲವಿಲ್ಲ.

ನೆಂಟರ ಮನೆಯ ಒಂದು ಲ್ಯಾಪ್‌ಟಾಪಿನಲ್ಲಿ ನಾನು ನೋಡಿದ್ದು ಹೀಗೆ: ಭಾವಗೀತೆಯ ಸಿಡಿ ಸಲೀಸು, ಸಿನಿಮಾ ಡಿವಿಡಿ ಆಗಾಗ ತಡೆಯುತ್ತದೆ, 2009ರ ಮದುವೆಯ ಮೂರು ಡಿವಿಡಿಗಳಲ್ಲಿ ಒಂದೂ ತೆರೆಯುವುದಿಲ್ಲ. ಅಚ್ಚಿನ ಡಿಸ್ಕೂ ತಡವರಿಸುತ್ತಿದೆಯೆಂದರೆ ಮೊದಲು ಲೆನ್ಸ್ ನೋಡಬೇಕು.

ಲ್ಯಾಪ್‌ಟಾಪಿನಲ್ಲಿ ಇದು ಸುಲಭ. ಟ್ರೇ ಹೊರಗೆ ಬಂದಾಗ ಲೆನ್ಸೂ ಅದರ ಜೊತೆಗೇ ಬರುತ್ತದೆ, ಮಧ್ಯದ ಗುಬುಟಿನ ಪಕ್ಕದಲ್ಲಿ ನೀಲಿಛಾಯೆಯ ಪುಟ್ಟ ಗಾಜಿನ ಹಾಗೆ. ಟ್ರೇ ತೆಗೆದು, ಯಂತ್ರ ಆಫ್ ಮಾಡಿ, ಚಾರ್ಜರ್ ಕಿತ್ತುಬಿಡಿ. ಆಫ್ ಆದ ಮೇಲೆ ತೆಗೆಯಬೇಕಾದರೆ ಟ್ರೇಯ ಮುಖದಲ್ಲಿರುವ ಸಣ್ಣ ತೂತಿಗೆ ನೆಟ್ಟಗೆ ಮಾಡಿದ ಪೇಪರ್ ಕ್ಲಿಪ್ ಒತ್ತಿದರೆ ಸಾಕು. ವಿದ್ಯುತ್ ಇರುವಾಗ ಲೆನ್ಸನ್ನು ಇಣುಕಿ ನೋಡಬಾರದು. ರೈಟರಿನ ಲೇಸರ್ ಕಣ್ಣಿಗೆ ಒಳ್ಳೆಯದಲ್ಲ.

ಮೊದಲು ಕ್ಯಾಮೆರಾದವರು ಬಳಸುವ ರಬ್ಬರ್ ಬ್ಲೋಯರಿನಿಂದ ಧೂಳು ಊದಿ. ಬಾಯಿಂದ ಊದಿದರೆ ಎಂಜಲಿನ ಹನಿ ಬೀಳುತ್ತದೆ. ಆಮೇಲೆ ಮೊಬೈಲ್ ರಿಪೇರಿಯವರು ಐಪಿಎ ಎಂದು ಕರೆಯುವ ಐಸೊಪ್ರೊಪೈಲ್ ಆಲ್ಕೊಹಾಲನ್ನು, ಶೇ. 99ರದನ್ನೇ ಕೇಳಿ ತಂದು, ಇಯರ್ ಬಡ್ಡಿನ ತುದಿಗೆ ಒಂದು ಹನಿ ಹಾಕಿ. ಬಡ್ ಒದ್ದೆಯಾಗಬೇಕು, ತೊಟ್ಟಿಕ್ಕಬಾರದು. ಲೆನ್ಸ್ ಕೂದಲಿನಂಥ ತಂತಿಗಳ ಮೇಲೆ ತೇಲುತ್ತಾ ನಿಂತಿರುತ್ತದೆ, ಮುಟ್ಟಿದರೆ ಮೇಲೆ ಕೆಳಗೆ ಆಡುತ್ತದೆ. ಅದು ಕೆಟ್ಟಿದ್ದರಿಂದ ಆಡುತ್ತಿರುವುದಲ್ಲ, ಇರಬೇಕಾದದ್ದೇ ಹಾಗೆ. ಬಡ್ಡಿನ ಸ್ವಂತ ಭಾರ ಬಿದ್ದಷ್ಟೇ ಒತ್ತಡದಲ್ಲಿ ನಿಧಾನಕ್ಕೆ ಸುತ್ತಿ, ಇನ್ನೊಂದು ಒಣ ಬಡ್ಡಿನಿಂದ ಹಾಗೇ ಒರೆಸಿ. ತಂತಿ ಬಾಗಿತೋ, ಡ್ರೈವ್ ಮುಗಿಯಿತು. ಲೆನ್ಸ್ ಸಾಮಾನ್ಯವಾಗಿ ಪ್ಲಾಸ್ಟಿಕ್ಕಿನದು. ಆದ್ದರಿಂದ ಥಿನ್ನರ್, ನೇಲ್ ಪಾಲಿಷ್ ರಿಮೂವರ್ ಹತ್ತಿರ ತರಬೇಡಿ. ಐದು ನಿಮಿಷ ಆರಲು ಬಿಟ್ಟು ಟ್ರೇ ಮುಚ್ಚಿ. ಡೆಸ್ಕ್‌ಟಾಪಿನ ಡ್ರೈವಿನಲ್ಲಿ ಲೆನ್ಸ್ ಒಳಗೇ ಉಳಿಯುತ್ತದೆ, ತಗಡು ಬಿಚ್ಚದೆ ಕೈಗೆ ಸಿಗದು. ಪುಟ್ಟ ಬ್ರಷ್ ಅಂಟಿಸಿದ ಕ್ಲೀನಿಂಗ್ ಡಿಸ್ಕ್ ಒಣ ಧೂಳನ್ನು ಸರಿಸುತ್ತದೆಯೇ ಹೊರತು ಅಡುಗೆಮನೆಯ ಎಣ್ಣೆಹೊಗೆ, ಊದುಬತ್ತಿ ಹೊಗೆಯಿಂದ ಕೂತ ಜಿಡ್ಡನ್ನು ಬಿಡಿಸುವುದಿಲ್ಲ. ನಾನಂತೂ ಅದಕ್ಕೆ ದುಡ್ಡು ಹಾಕುವುದಿಲ್ಲ.

ಒರೆಸಿದ ಮೇಲೆ ಆ ಲ್ಯಾಪ್‌ಟಾಪಿನಲ್ಲಿ ಸಿನಿಮಾ ತಡೆಯದೆ ಓಡಿತು. ಮದುವೆಯ ಮೊದಲನೆಯ ಮತ್ತು ಮೂರನೆಯ ಡಿಸ್ಕ್ ತೆರೆದುಕೊಂಡವು. ಧಾರೆ ಇದ್ದ ಎರಡನೆಯದು ಅರ್ಧ ದಾಟಿ ನಿಂತಿತು. ಡಿವಿಡಿಯನ್ನು ಓದುವುದು ಒಳಗಿನಿಂದ ಅಂಚಿನ ಕಡೆಗೆ. ತಡವಾಗಿ ನಿಲ್ಲುತ್ತಿದೆಯೆಂದರೆ ಅಂಚಿನ ಭಾಗ ಕೆಟ್ಟಿದೆ ಎಂದರ್ಥ. ತಿರುಗಿಸಿ ನೋಡಿದರೆ ಕಾರಣ ಕಾಣುತ್ತಿತ್ತು: ವಧೂವರರ ಫೋಟೊ ಇರುವ ಕಾಗದದ ಸ್ಟಿಕರ್ ಒಂದು ಕಡೆ ಎದ್ದಿತ್ತು, ಕೆಳಮುಖದ ಅಂಚಿನಲ್ಲಿ ಬೆರಳಚ್ಚು. ಸ್ಟಿಕರ್ ಎದ್ದ ಡಿಸ್ಕ್ ವೇಗ ಹೆಚ್ಚಿದಂತೆ ಓಲಾಡುತ್ತದೆ. ಅದನ್ನು ಕೀಳಲು ಹೋಗಬೇಡಿ. ಡಿವಿಡಿ ಎರಡು ಹಾಳೆ ಅಂಟಿಸಿ ಮಾಡಿದ್ದು, ಎಳೆದರೆ ಬಿಡಬಹುದು. ಬೆರಳಚ್ಚನ್ನು ಮೆತ್ತಗಿನ ಬಟ್ಟೆಯಿಂದ ನಡುವಿನಿಂದ ಅಂಚಿಗೆ ನೇರವಾಗಿ ಒರೆಸಿ. ವೃತ್ತಾಕಾರವಾಗಿ ಒರೆಸಿದರೆ ಬೀಳುವ ಗೀರು ಗೆರೆಯ ಉದ್ದಕ್ಕೂ ಸಾಗುತ್ತದೆ, ಅಂಥದ್ದನ್ನು ಡ್ರೈವ್ ಸರಿದೂಗಿಸಿಕೊಳ್ಳಲಾರದು.

ಇಂಥ ಡಿಸ್ಕಿಗೆ ಬೇರೆ ಡ್ರೈವ್ ಬೇಕಾಗುತ್ತದೆ. ಹೊಸ ಲ್ಯಾಪ್‌ಟಾಪುಗಳಲ್ಲಿ ಡ್ರೈವೇ ಇಲ್ಲದ್ದರಿಂದ ಯುಎಸ್‌ಬಿಯ ಹೊರಗಿನ ಡಿವಿಡಿ ರೈಟರ್ ಹೇಗೂ ಉಪಯೋಗಕ್ಕೆ ಬರುತ್ತದೆ. ಕೊಳ್ಳುವಾಗ ನೋಡಬೇಕಾದದ್ದು ವೇಗವಲ್ಲ, ವಿದ್ಯುತ್ತು. ತೆಳು ರೈಟರಿನ 8ಎಕ್ಸ್ ವೇಗವೆಂದರೆ ಸೆಕೆಂಡಿಗೆ ಸುಮಾರು 11 ಎಂಬಿ. ಅದಕ್ಕೆ ಯುಎಸ್‌ಬಿ 2.0 ಸಾಕೋ ಸಾಕು. ಆದರೆ 2.0 ಪೋರ್ಟ್ ಕೊಡುವುದು 500 ಮಿಲಿಆಂಪಿಯರ್, 3.0 ಕೊಡುವುದು 900. ಡಿಸ್ಕ್ ತಿರುಗಲು ಶುರುವಾಗುವಾಗ ಡ್ರೈವ್ 500ಕ್ಕಿಂತ ಹೆಚ್ಚು ಎಳೆಯಬಹುದು. ಆಗ ಅದು ತಿರುಗಿ, ನಿಂತು, ಮತ್ತೆ ತಿರುಗಿ ಕೊನೆಗೆ ಮಾಯವಾಗುತ್ತದೆ. ಮನೆಗೆ ತಂದ ಹೊಸದೇ ಕೆಟ್ಟಿದೆ ಎಂದು ವಾಪಸ್ ಕೊಡುವ ಮೊದಲು ಹಬ್ ಬಿಟ್ಟು ನೇರವಾಗಿ ಪೋರ್ಟಿಗೆ, ಗಿಡ್ಡ ಕೇಬಲ್ಲಿನಿಂದ ಚುಚ್ಚಿ ನೋಡಿ. ಎರಡು ಯುಎಸ್‌ಬಿ ತಲೆಯ ಕೇಬಲ್ ಜೊತೆಗೆ ಬರುವುದಾದರೆ ಅದನ್ನೇ ಆರಿಸಿ.

ಡಿಸ್ಕ್ ನುಂಗುವ ಸೀಳಿನ ಮಾದರಿಗಿಂತ ಟ್ರೇ ಇರುವುದು ವಾಸಿ. ಹ್ಯಾಂಡಿಕ್ಯಾಮಿನ 8 ಸೆಂ.ಮೀ. ಪುಟ್ಟ ಡಿಸ್ಕ್ ಸೀಳಿಗೆ ಹಾಕುವಂತಿಲ್ಲ, ಸ್ಟಿಕರ್ ಎದ್ದ ಡಿಸ್ಕ್ ಒಳಗೇ ಸಿಕ್ಕಿಕೊಳ್ಳುತ್ತದೆ, ಲೆನ್ಸೂ ಕೈಗೆ ಸಿಗದು. ಎಲ್‌ಜಿ, ಏಸಸ್, ಟ್ರಾನ್ಸೆಂಡ್ ಹೆಸರಿನವು ಸಿಗುತ್ತವೆ; ಹೆಸರೇ ಇಲ್ಲದ ಅಗ್ಗದ ಡಬ್ಬದ ಒಳಗೆ ಯಾವ ಡ್ರೈವ್ ಇದೆಯೋ ಹೇಳಬರುವುದಿಲ್ಲ. ಡಿವಿಡಿ ರೈಟರ್ ಬ್ಲೂರೇ ಓದುವುದಿಲ್ಲ. ಟಿವಿಯ ಯುಎಸ್‌ಬಿಗೆ ಚುಚ್ಚಿ ಸಿನಿಮಾ ನೋಡುವ ಆಸೆಯಿದ್ದರೆ, ಟಿವಿಗೂ ಹೊಂದುತ್ತದೆ ಎಂದು ಡಬ್ಬದ ಮೇಲೆ ಬರೆದಿರುವುದನ್ನೇ ಕೊಳ್ಳಬೇಕು.

ಒಂದು ಡ್ರೈವಿಗೆ ಓದಲಾಗದ ಜಾಗವನ್ನು ಇನ್ನೊಂದು ಓದಬಹುದು, ಅದು ಓದದ್ದನ್ನು ಇದು. ಡೆಸ್ಕ್‌ಟಾಪಿನ 16ಎಕ್ಸ್ ಡ್ರೈವ್ ನಿಮಿಷಕ್ಕೆ 9 ಸಾವಿರ ಸುತ್ತಿನವರೆಗೂ ಹೋಗುತ್ತದೆ. ತೆಳು ಡ್ರೈವ್ ಅದರ ಅರ್ಧ, ಹಾಗಾಗಿ ಓಲಾಡುವ ಡಿಸ್ಕಿನ ಜೊತೆ ಅದಕ್ಕೆ ಹೊಂದಾಣಿಕೆ ಹೆಚ್ಚು. ವಿಂಡೋಸಿನಲ್ಲಿ ಫೈಲ್ ಕಾಪಿ ಮಾಡಿದರೆ ಒಂದು ಚೂರು ಕೆಟ್ಟಿದ್ದರೂ ಒಂದು ಜಿಬಿಯ ಇಡೀ ಫೈಲೇ ಬರುವುದಿಲ್ಲ. ಲಿನಕ್ಸಿನ ಡಿಡಿರೆಸ್ಕ್ಯೂ ಬಂದಷ್ಟನ್ನು ಬಾಚಿಕೊಂಡು, ಬಾರದ ಜಾಗಗಳನ್ನು ಮ್ಯಾಪ್ ಫೈಲಿನಲ್ಲಿ ಗುರುತು ಹಾಕಿಡುತ್ತದೆ:

```
ddrescue -b 2048 -d -r3 /dev/sr0 maduve2.iso maduve2.map
```

ಹೊಸ ರೈಟರಿನಲ್ಲಿ ಒಮ್ಮೆ ಓಡಿಸಿ, ಆಮೇಲೆ ಅದೇ ಡಿಸ್ಕನ್ನು ಹಳೆಯ ಡ್ರೈವಿಗೆ ಹಾಕಿ, ಅದೇ ಎರಡು ಫೈಲಿನ ಹೆಸರು ಕೊಟ್ಟು ಮತ್ತೆ ಓಡಿಸಿದರೆ ಉಳಿದ ತೂತುಗಳನ್ನಷ್ಟೇ ತುಂಬಲು ನೋಡುತ್ತದೆ. ಎರಡು ಡ್ರೈವ್ ಒಟ್ಟಿಗೇ ಚುಚ್ಚಿದ್ದರೆ ಎರಡನೆಯದು `/dev/sr1` ಆಗಿರುತ್ತದೆ, ಆ ಜಾಗದಲ್ಲಿ ಅದನ್ನು ಬರೆಯಿರಿ. ಕೆಟ್ಟ ಡಿಸ್ಕಿಗೆ ಇದು ರಾತ್ರಿಯಿಡೀ ಹಿಡಿಯಬಹುದು. ಕೊನೆಗೆ ಸಿಗುವ ಐಎಸ್‌ಒ ಫೈಲನ್ನು ವಿಎಲ್‌ಸಿಯಲ್ಲಿ ತೆರೆದರೆ ಮೆನು ಸಮೇತ ಡಿವಿಡಿಯಂತೆಯೇ ಓಡುತ್ತದೆ; ತುಂಬದೆ ಉಳಿದ ಕಡೆ ಚಿತ್ರ ಕ್ಷಣಕಾಲ ಚೌಕಚೌಕವಾಗಿ ಒಡೆದು ಮುಂದೆ ಸಾಗುತ್ತದೆ.