ಹೆಲ್ಮೆಟ್ಟಿನ ಒಳಗೂ ಕಣ್ಣಾಡಿಸಿ

ಗೋರೆಗಾಂವ್ ಸ್ಟೇಷನ್ ಹತ್ತಿರವೋ ಹೈವೇ ಬದಿಯಲ್ಲೋ ಹೆಲ್ಮೆಟ್ ಕೊಳ್ಳುವಾಗ ಬಣ್ಣ ಆಮೇಲೆ ನೋಡಿ, ಮೊದಲು ಒಳಗಿನ ಬಟ್ಟೆ ಸರಿಸಿ. ಅದರಡಿ ಥರ್ಮೋಕೋಲಿನಂಥ ಗಟ್ಟಿ ಪದರ ಇರಬೇಕು. ಬಿದ್ದಾಗ ತಾನು ಜಜ್ಜಿಹೋಗಿ ಪೆಟ್ಟು ಹೀರುವುದು ಅದೇ; ಹಾಗಾಗಿ ಒಮ್ಮೆ ಬಿದ್ದು ಪೆಟ್ಟು ತಿಂದ ಹೆಲ್ಮೆಟ್ ಮತ್ತೆ ಬಳಕೆಗಿಲ್ಲ. ಬೆರಳಿಗೆ ಬರೀ ಸ್ಪಂಜು ಸಿಕ್ಕರೆ ಅದು ಪೊಲೀಸರಿಗೆ ತೋರಿಸುವ ಟೋಪಿ, ಅಷ್ಟೇ.

ಚಿಪ್ಪು ಎಬಿಎಸ್ಸೋ ಫೈಬರ್‌ಗ್ಲಾಸೋ ಎಂಬುದನ್ನು ಲೇಬಲ್ಲಿನಲ್ಲಿ ಹುಡುಕಿ. ಎರಡೂ ಅಂಗೈಯಿಂದ ಒತ್ತಿದಾಗ ಸುಲಭವಾಗಿ ಬಾಗಿದರೆ ವಾಪಸ್ ಇಡಿ. ತಯಾರಾದ ತಿಂಗಳು, ವರ್ಷವನ್ನೂ ಓದಿ: ಬೆವರು, ಬಿಸಿಲಿಗೆ ಪದರ ಸೊರಗುವುದರಿಂದ ಐದು ವರ್ಷಕ್ಕೆ ಬದಲಿಸುವುದು ರೂಢಿ. ಎರಡು ವರ್ಷ ಅಂಗಡಿಯ ಬಿಸಿಲಲ್ಲೇ ತೂಗಿದ್ದನ್ನು ಯಾಕೆ ಕೊಳ್ಳಬೇಕು?

2021ರ ಜೂನ್‌ನಿಂದ ಐಎಸ್‌ಐ ಗುರುತಿಲ್ಲದ ಹೆಲ್ಮೆಟ್ ಮಾರುವಂತಿಲ್ಲ. ಆದರೆ ಸ್ಟಿಕ್ಕರನ್ನು ಯಾರು ಬೇಕಾದರೂ ಅಂಟಿಸಬಹುದು. ಗುರುತಿನ ಮೇಲೆ IS 4151, ಕೆಳಗೆ CM/L ಸಂಖ್ಯೆ ಇರುತ್ತದೆ. ಅಂಗಡಿಯಲ್ಲೇ ನಿಂತು BIS Care ಆ್ಯಪಿನಲ್ಲಿ ಆ ಸಂಖ್ಯೆ ಹಾಕಿ. ಕೈಯಲ್ಲಿರುವ ಕಂಪನಿಯ ಹೆಸರೇ ಬರಬೇಕು.