ಹಳಿ ಹಿಗ್ಗಿದ್ದು ಏಳು ಮಿಲಿಮೀಟರೋ, ಐದು ಸೆಂಟಿಮೀಟರೋ?

ರಾಯಚೂರಿನ ಕಡೆ ಬೇಸಿಗೆಯ ಮಧ್ಯಾಹ್ನ ರೈಲು ಹಳಿಯ ತಾಪ 60 ಡಿಗ್ರಿ ಸೆಲ್ಸಿಯಸ್ ಮುಟ್ಟಿತು ಎಂದುಕೊಳ್ಳಿ. ಚಳಿಗಾಲದ ಬೆಳಗ್ಗೆ ಅದೇ ಹಳಿ 15 ಡಿಗ್ರಿಯಲ್ಲಿತ್ತು. 13 ಮೀಟರ್ ಉದ್ದದ ಹಳಿ ಈ ನಡುವೆ ಎಷ್ಟು ಹಿಗ್ಗುತ್ತದೆ? ಉಕ್ಕಿನ ವ್ಯಾಕೋಚನ ಗುಣಾಂಕ ಪ್ರತಿ ಕೆಲ್ವಿನ್‌ಗೆ ಸುಮಾರು 0.000012 ಎಂದು ಪುಸ್ತಕ ಹೇಳುತ್ತದೆ. ಪ್ರಶ್ನೆಯಲ್ಲಿರುವುದು ಸೆಲ್ಸಿಯಸ್. ಪಿಯುಸಿ ಹುಡುಗರು ಗಾಬರಿಯಾಗುವುದು ಇಲ್ಲೇ.

ಗಾಬರಿಗೆ ಕಾರಣವಿಲ್ಲ. ಸೂತ್ರ ಕೇಳುವುದು ಹಳಿ ಎಷ್ಟು ಬಿಸಿಯಾಗಿದೆ ಎಂದಲ್ಲ, ಬಿಸಿ ಎಷ್ಟು ಏರಿತು ಎಂದು. ಸೆಲ್ಸಿಯಸ್‌ನಲ್ಲಿ ಏರಿಕೆ 60ರಿಂದ 15 ಕಳೆದರೆ 45. ಕೆಲ್ವಿನ್‌ಗೆ ಬದಲಿಸಿದರೆ 333.15ರಿಂದ 288.15 ಕಳೆಯಬೇಕು, ಅದೂ 45. ಎರಡೂ ಕಡೆ ಕೂಡಿಸಿದ 273.15 ಕಳೆಯುವಾಗ ಬಿದ್ದುಹೋಯಿತು. ಮನೆಯ ಒಂದನೇ ಮಹಡಿಯಿಂದ ಎರಡನೆಯದು ಎಷ್ಟು ಎತ್ತರ ಎಂಬುದನ್ನು ಅಂಗಳದಿಂದ ಅಳೆದರೂ ಸಮುದ್ರಮಟ್ಟದಿಂದ ಅಳೆದರೂ ಉತ್ತರ ಒಂದೇ ಅಲ್ಲವೇ? ಸೆಲ್ಸಿಯಸ್ಸಿಗೂ ಕೆಲ್ವಿನ್ನಿಗೂ ಸೊನ್ನೆ ಇರುವ ಜಾಗ ಬೇರೆ, ಒಂದೊಂದು ಮೆಟ್ಟಿಲಿನ ಎತ್ತರ ಒಂದೇ. ಅದು ಕಾಕತಾಳೀಯವಲ್ಲ, ವ್ಯಾಖ್ಯೆಯೇ ಹಾಗಿದೆ. ಆದ್ದರಿಂದ 'ಪ್ರತಿ ಕೆಲ್ವಿನ್‌ಗೆ' ಎಂದು ಬರೆದರೂ 'ಪ್ರತಿ ಡಿಗ್ರಿ ಸೆಲ್ಸಿಯಸ್‌ಗೆ' ಎಂದು ಬರೆದರೂ ಸಂಖ್ಯೆ ಬದಲಾಗದು.

0.000012 × 13 × 45 ಎಂದರೆ ಸುಮಾರು 0.007 ಮೀಟರ್, ಅಂದರೆ 7 ಮಿಲಿಮೀಟರ್. ಹಳೆಯ ಕಾಲದ ಜೋಡು ಹಳಿಗಳ ನಡುವೆ ಬಿಡುತ್ತಿದ್ದ ಸಂದಿಗೆ ಹೊಂದುವ ಅಳತೆ. ಆದರೆ 45ನ್ನೇ ಒಂದು ತಾಪವೆಂದು ತಿಳಿದು 273 ಕೂಡಿಸಿ 318 ಮಾಡಿದರೆ ಉತ್ತರ ಐದು ಸೆಂಟಿಮೀಟರ್ ಆಗುತ್ತದೆ. ಅಷ್ಟು ಸಂದಿ ಬಿಟ್ಟ ಹಳಿಯ ಮೇಲೆ ಯಾರು ರೈಲು ಓಡಿಸುತ್ತಾರೆ!

ವಿಶಿಷ್ಟೋಷ್ಣದಲ್ಲೂ ಇದೇ ಎಡವಟ್ಟು. ಒಂದು ಕಿಲೋಗ್ರಾಂ ನೀರನ್ನು ಒಂದು ಕೆಲ್ವಿನ್ ಏರಿಸಲು ಸುಮಾರು 4,186 ಜೂಲ್ ಬೇಕು. ಎರಡು ಲೀಟರ್ ನೀರನ್ನು 25ರಿಂದ 100 ಡಿಗ್ರಿಗೆ ಕಾಯಿಸಲು ಏರಿಕೆ 75. ಬೇಕಾದ ಶಾಖ ಸುಮಾರು 6,28,000 ಜೂಲ್. 2,000 ವ್ಯಾಟ್‌ನ ಕೆಟಲ್‌ಗೆ ಅದು ಐದು ನಿಮಿಷದ ಕೆಲಸ. 75ಕ್ಕೆ 273 ಸೇರಿಸಿದವರ ಲೆಕ್ಕದಲ್ಲಿ ಅದೇ ನೀರಿಗೆ 24 ನಿಮಿಷ! ಅಡುಗೆಮನೆಗೆ ಹೋಗಿ ನೋಡಿದರೆ ತಪ್ಪು ಸಿಕ್ಕಿಬೀಳುತ್ತದೆ.

ಈ ಸಲಿಗೆಗೂ ಮಿತಿಯಿದೆ. ಫ್ಯಾರನ್‌ಹೀಟ್‌ನ ಮೆಟ್ಟಿಲು ಚಿಕ್ಕದು, ಕೆಲ್ವಿನ್‌ನ ಒಂಬತ್ತರಲ್ಲಿ ಐದು ಪಾಲು. ಅಲ್ಲಿ ಉಕ್ಕಿನ ಗುಣಾಂಕ 0.0000067ಕ್ಕೆ ಇಳಿಯುತ್ತದೆ. ಇನ್ನು ಅನಿಲದ ನಿಯಮ ಏರಿಕೆಯನ್ನಲ್ಲ, ತಾಪವನ್ನೇ ಕೇಳುತ್ತದೆ. ಗಟ್ಟಿ ಡಬ್ಬಿಯೊಳಗಿನ ಗಾಳಿ 20ರಿಂದ 40 ಡಿಗ್ರಿಗೆ ಏರಿದರೆ ಒತ್ತಡ ಇಮ್ಮಡಿಯಾಗದು. 293ರಿಂದ 313 ಕೆಲ್ವಿನ್‌ಗೆ ಏರಿದಂತೆ ಶೇಕಡಾ 7ರಷ್ಟು ಹೆಚ್ಚುತ್ತದೆ, ಅಷ್ಟೇ. ಹಾಗಾಗಿ 273 ಕೂಡಿಸುವ ಮೊದಲು ಸೂತ್ರದಲ್ಲಿ ಬರೀ T ಇದೆಯೋ, ΔT ಇದೆಯೋ ನೋಡಿಕೊಳ್ಳಿ.