ಗಾಳಿ ಅಳೆದು ಪೆಟ್ರೋಲು ಹೇಳುವ ಲೆಕ್ಕ

ಸ್ಟಿಯರಿಂಗ್ ಕೆಳಗೆ, ಚಾಲಕನ ಮೊಣಕಾಲಿನ ಹತ್ತಿರ, ಹದಿನಾರು ಪಿನ್ನುಗಳ ಒಂದು ಸಾಕೆಟ್ ಇರುತ್ತದೆ. ಒಬಿಡಿ ಪೋರ್ಟ್ ಎಂದರೆ ಇದೇ. ಅಮೆರಿಕದಲ್ಲಿ 1996ರಿಂದ ಇದು ಕಡ್ಡಾಯ. ಒಬಿಡಿ-2 ಎಂಬ ಇದೇ ಪದ್ಧತಿ ಭಾರತಕ್ಕೆ 2013ರಲ್ಲಿ ಬಂತು. ಹೊಗೆ ನಿಯಂತ್ರಿಸುವ ಭಾಗಗಳು ಕೆಟ್ಟರೆ ಗೊತ್ತಾಗಲಿ ಎಂದು ಇಟ್ಟ ಸಾಕೆಟ್ ಇದು, ಮೈಲೇಜ್ ತಿಳಿಯಲೆಂದು ಇಟ್ಟಿದ್ದಲ್ಲ. ಆಟೊಮೊಬೈಲ್ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಕೊನೆಯ ವರ್ಷದ ಪ್ರಾಜೆಕ್ಟಿಗೆ ಇದಕ್ಕೆ ಅಡಾಪ್ಟರ್ ಸಿಕ್ಕಿಸಿ ಇಂಧನದ ಲೆಕ್ಕ ತೆಗೆಯಲು ಹೊರಟಾಗ ಮೊದಲು ಎದುರಾಗುವ ಸಂಗತಿಯೂ ಇದೇ: ಎಷ್ಟು ಪೆಟ್ರೋಲು ಉರಿಯುತ್ತಿದೆ ಎಂಬ ನೇರ ಪ್ರಶ್ನೆಗೆ ಹೆಚ್ಚಿನ ಕಾರುಗಳು ಉತ್ತರ ಕೊಡುವುದಿಲ್ಲ. ಕೇಳಲು 015E ಎಂಬ ಸಂಕೇತವೇನೋ ಇದೆ. ನಮ್ಮ ರಸ್ತೆಯ ಸಾಮಾನ್ಯ ಪೆಟ್ರೋಲ್ ಕಾರಿಗೆ ಅದನ್ನು ಕಳಿಸಿದರೆ ಹೆಚ್ಚಾಗಿ ಬರುವುದು NO DATA.

ಹಾಗಾಗಿ ಕೇಳಬೇಕಾದದ್ದು ಗಾಳಿಯನ್ನು. ಎಂಜಿನ್ನಿಗೆ ಸೆಕೆಂಡಿಗೆ ಎಷ್ಟು ಗ್ರಾಂ ಗಾಳಿ ಹೋಗುತ್ತಿದೆ ಎಂದು ಅಳೆಯುವ ಸೆನ್ಸರ್ ಕೆಲವು ಕಾರುಗಳಲ್ಲಿ ಇದೆ. ಗಾಳಿಗೂ ಪೆಟ್ರೋಲಿಗೂ ಒಂದು ಪ್ರಮಾಣವಿದೆಯಾದ್ದರಿಂದ ಒಂದು ಗೊತ್ತಾದರೆ ಇನ್ನೊಂದನ್ನು ಲೆಕ್ಕ ಹಾಕಬಹುದು. ಸಮತಟ್ಟು ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಹೋಗುತ್ತಿರುವ ಕಾರೊಂದಕ್ಕೆ ಎರಡು ಪ್ರಶ್ನೆ ಕಳಿಸಿದೆವು ಎಂದುಕೊಳ್ಳೋಣ:

```
> 01 10
41 10 03 E8
> 01 0D
41 0D 3C
```

ಮೊದಲಿನ ಪ್ರಶ್ನೆ ಗಾಳಿಯದು. ಉತ್ತರದ ಕೊನೆಯ ಎರಡು ಬೈಟುಗಳನ್ನು ಹದಿನಾರರ ಎಣಿಕೆಯಿಂದ ದಶಮಾನಕ್ಕೆ ತಂದರೆ 3 ಮತ್ತು 232. ಮೊದಲನೆಯದನ್ನು 256ರಿಂದ ಗುಣಿಸಿ ಎರಡನೆಯದನ್ನು ಕೂಡಿದರೆ 1000; ಅದನ್ನು 100ರಿಂದ ಭಾಗಿಸಿದರೆ ಸೆಕೆಂಡಿಗೆ 10 ಗ್ರಾಂ ಗಾಳಿ. ಎರಡನೆಯ ಉತ್ತರದ 3C ಎಂದರೆ 60, ಗಂಟೆಗೆ ಕಿಲೋಮೀಟರಿನಲ್ಲಿ ವೇಗ. ಒಂದು ಗ್ರಾಂ ಪೆಟ್ರೋಲು ಪೂರ್ತಿ ಉರಿಯಲು 14.7 ಗ್ರಾಂ ಗಾಳಿ ಬೇಕು ಎಂದು ಪಠ್ಯಪುಸ್ತಕ ಹೇಳುತ್ತದೆ. 10ನ್ನು 14.7ರಿಂದ ಭಾಗಿಸಿದರೆ ಸೆಕೆಂಡಿಗೆ 0.68 ಗ್ರಾಂ ಪೆಟ್ರೋಲು. ಲೀಟರಿಗೆ 745 ಗ್ರಾಂ ಎಂದು ಹಿಡಿದರೆ ಗಂಟೆಗೆ 3.29 ಲೀಟರ್, ಲೀಟರಿಗೆ 18.2 ಕಿಲೋಮೀಟರ್. ಮೊಬೈಲಿನ ಎಷ್ಟೋ ಆ್ಯಪ್‌ಗಳು ಮಾಡುವುದು ಇಷ್ಟನ್ನೇ. ವರದಿಗೆ ಒಂದು ಚಂದದ ಗ್ರಾಫೂ ಸಿಗುತ್ತದೆ.

ಆ 14.7 ನಮ್ಮ ಬಂಕುಗಳಲ್ಲಿ ಈಗ ಸಿಗುವ ಪೆಟ್ರೋಲಿನ ಪ್ರಮಾಣವಲ್ಲ. ಇ20 ಎಂದರೆ ನೂರು ಲೀಟರಿನಲ್ಲಿ ಇಪ್ಪತ್ತು ಲೀಟರ್ ಎಥೆನಾಲ್. ಎಥೆನಾಲಿನ ಅಣುವಿನಲ್ಲೇ ಆಕ್ಸಿಜನ್ ಇರುವುದರಿಂದ ಅದಕ್ಕೆ ಹೊರಗಿನ ಗಾಳಿ ಕಡಿಮೆ ಸಾಕು, ಗ್ರಾಂಗೆ ಸುಮಾರು 9 ಗ್ರಾಂ. ಅಕ್ಕಿ ಬದಲಾದರೆ ಅದಕ್ಕೆ ಇಡುವ ನೀರಿನ ಅಳತೆಯೂ ಬದಲಾಗುವ ಹಾಗೆ. ತೂಕದ ಲೆಕ್ಕದಲ್ಲಿ ಬೆರೆಸಿ ನೋಡಿದರೆ ಇ20ಗೆ ಬರುವ ಪ್ರಮಾಣ ಸುಮಾರು 13.5. ಸಾಂದ್ರತೆಯೂ ಸ್ವಲ್ಪ ಏರಿ 750ರ ಹತ್ತಿರ ಬರುತ್ತದೆ. ಅದೇ 10 ಗ್ರಾಂ ಗಾಳಿಗೆ ಈಗ ಗಂಟೆಗೆ 3.56 ಲೀಟರ್, ಲೀಟರಿಗೆ 16.9 ಕಿಲೋಮೀಟರ್. ಕಾರು ಅದೇ, ವೇಗ ಅದೇ, ಪೋರ್ಟಿನಿಂದ ಬಂದ ಬೈಟುಗಳೂ ಅವೇ. ಸೂತ್ರದಲ್ಲಿ ಒಂದು ಅಂಕಿ ಹಳೆಯದಾಗಿ ಉಳಿದಿದ್ದಕ್ಕೆ ಒಂದೂಕಾಲು ಕಿಲೋಮೀಟರಿಗೂ ಹೆಚ್ಚು ವ್ಯತ್ಯಾಸ.

ಟ್ಯಾಂಕಿನಲ್ಲಿ ನಿಜವಾಗಿ ಏನಿದೆ ಎಂಬ ಸುಳಿವನ್ನು ಕಾರೇ ಕೊಡುತ್ತದೆ. ಸೈಲೆನ್ಸರ್ ದಾರಿಯಲ್ಲಿರುವ ಆಕ್ಸಿಜನ್ ಸೆನ್ಸರ್ ನೋಡಿಕೊಂಡು ಎಂಜಿನ್ನಿನ ಕಂಪ್ಯೂಟರು ಇಂಧನವನ್ನು ತುಸು ಹೆಚ್ಚು, ತುಸು ಕಡಿಮೆ ಮಾಡುತ್ತಲೇ ಇರುತ್ತದೆ. ಈ ತಿದ್ದುಪಡಿಗೆ ಫ್ಯುಯೆಲ್ ಟ್ರಿಮ್ ಎಂದು ಹೆಸರು; ದೀರ್ಘಾವಧಿಯದನ್ನು 0107 ಎಂದು ಕೇಳಬಹುದು. 8C ಎಂಬ ಉತ್ತರ ಬಂತೆನ್ನಿ. ಅದು 140, ಅದರಿಂದ 128 ಕಳೆದು, ಉಳಿದ 12ನ್ನು 128ರಿಂದ ಭಾಗಿಸಿದರೆ ಶೇಕಡಾ 9.4. ಅಂದರೆ ಶುದ್ಧ ಪೆಟ್ರೋಲಿಗೆಂದು ಹೊಂದಿಸಿದ ಕಾರು ತನ್ನ ಮೂಲ ಲೆಕ್ಕಕ್ಕಿಂತ ಅಷ್ಟು ಹೆಚ್ಚು ಸುರಿಯುತ್ತಿದೆ. 14.7ನ್ನು 13.5ರಿಂದ ಭಾಗಿಸಿದರೆ ಬರುವುದೂ ಹೆಚ್ಚುಕಡಿಮೆ ಅದೇ. ಇಲ್ಲಿ ಪ್ರಾಜೆಕ್ಟ್ ತಂಡಗಳು ಜಾರುವುದು ಸುಲಭ: 13.5ನ್ನೂ ಹಾಕಿ, ಟ್ರಿಮ್ಮಿನಿಂದಲೂ ಗುಣಿಸಿದರೆ ಎಥೆನಾಲನ್ನು ಎರಡು ಸಲ ಎಣಿಸಿದಂತೆ. ಕಾರಿನ ಮೂಲ ಲೆಕ್ಕ 14.7 ಎಂದು ಹಿಡಿದು ಟ್ರಿಮ್ ಸೇರಿಸಬೇಕು, ಇಲ್ಲವೇ 13.5 ಹಾಕಿ ಟ್ರಿಮ್ ಬಿಡಬೇಕು. ಇನ್‌ಟೇಕ್ ಪೈಪಿನಲ್ಲಿ ಸೋರಿಕೆಯಿದ್ದರೂ, ಗಾಳಿ ಸೆನ್ಸರ್ ಕೊಳೆಯಾಗಿದ್ದರೂ ಟ್ರಿಮ್ ಹೀಗೇ ಏರುತ್ತದೆ. ಅಳೆಯದೆ ಒಳಗೆ ಹೋದ ಗಾಳಿಗೂ ಇಂಧನ ಹೋಗಿರುತ್ತದಾದ್ದರಿಂದ ಅಂಥ ಕಾರಿನಲ್ಲಿ ಟ್ರಿಮ್ ಬಿಟ್ಟ ಲೆಕ್ಕ ಕಡಿಮೆ ತೋರಿಸುತ್ತದೆ. ಇ20ಗೆಂದೇ ಹೊಂದಿಸಿ ಬಂದ ಹೊಸ ಕಾರಿನಲ್ಲಿ ಟ್ರಿಮ್ ಸೊನ್ನೆಯ ಆಸುಪಾಸಿನಲ್ಲೇ ಇರುತ್ತದೆ. ಅಲ್ಲಿ ಕಾರಿನ ಮೂಲ ಲೆಕ್ಕವೇ 13.5.

ಇನ್ನೊಂದು ತಪ್ಪು ಘಟ್ಟ ಇಳಿಯುವಾಗ ಕಾಣುತ್ತದೆ. ಚಾರ್ಮಾಡಿಯಲ್ಲಿ ಗೇರಿನಲ್ಲೇ ಇಳಿಯುತ್ತ ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಕಂಪ್ಯೂಟರು ಇಂಜೆಕ್ಟರನ್ನೇ ಮುಚ್ಚುತ್ತದೆ. ಚಕ್ರಗಳೇ ಎಂಜಿನ್ನನ್ನು ತಿರುಗಿಸುತ್ತವೆ, ಪೆಟ್ರೋಲು ಒಂದು ಹನಿಯೂ ಹೋಗುವುದಿಲ್ಲ. ಆದರೆ ಪಿಸ್ಟನ್‌ಗಳು ಗಾಳಿ ಎಳೆಯುವುದನ್ನು ನಿಲ್ಲಿಸಿಲ್ಲ. ಸೆಕೆಂಡಿಗೆ 3 ಗ್ರಾಂ ಗಾಳಿ ಎಂದರೂ ನಮ್ಮ ಸೂತ್ರ ಗಂಟೆಗೆ ಒಂದು ಲೀಟರಿಗಿಂತ ಹೆಚ್ಚು ತೋರಿಸುತ್ತದೆ. ಇಂಥ ಹದಿನೈದು ನಿಮಿಷದಲ್ಲಿ ಕಾಲು ಲೀಟರಿಗೂ ಹೆಚ್ಚು ಇಲ್ಲದ ಪೆಟ್ರೋಲು ಲೆಕ್ಕಕ್ಕೆ ಸೇರಿಬಿಡುತ್ತದೆ. ಇದನ್ನು ಹಿಡಿಯಲು 0103 ಕೇಳಬೇಕು. 02 ಬಂದರೆ ಮಾಮೂಲಿ ಸ್ಥಿತಿ. 04 ಬಂದರೆ ಎರಡು ಅರ್ಥ ಇರಬಹುದು: ಇಳಿಜಾರಿನಲ್ಲಿ ಇಂಧನ ಕಡಿತ, ಅಥವಾ ಏರಿನಲ್ಲಿ ಪೂರ್ತಿ ಒತ್ತಿದಾಗ ಆಕ್ಸಿಜನ್ ಸೆನ್ಸರನ್ನು ಬದಿಗಿಟ್ಟು ಹೆಚ್ಚಿಗೆ ಸುರಿಯುವುದು. ಒಂದಕ್ಕೊಂದು ತೀರಾ ವಿರುದ್ಧವಾದ ಎರಡು ಸ್ಥಿತಿಗೆ ಒಂದೇ ಸಂಕೇತ ಇಟ್ಟವರ ಯೋಚನೆ ಏನಿತ್ತೋ! ಥ್ರಾಟಲ್ ಎಷ್ಟು ತೆರೆದಿದೆ ಎಂದು 0111ರಿಂದ ನೋಡಿಕೊಂಡೇ ತೀರ್ಮಾನಿಸಬೇಕು.

ನಮ್ಮಲ್ಲಿ ಹೆಚ್ಚು ಓಡುವ ಸಣ್ಣ ಕಾರುಗಳಲ್ಲಿ ಗಾಳಿ ತೂಗುವ ಸೆನ್ಸರ್ ಇಲ್ಲದೆ, ಮ್ಯಾನಿಫೋಲ್ಡಿನ ಒತ್ತಡ ಹೇಳುವ ಸೆನ್ಸರ್ ಮಾತ್ರ ಇರುವುದುಂಟು. ಆಗ ಒತ್ತಡ, ಗಾಳಿಯ ಉಷ್ಣತೆ, ಎಂಜಿನ್ ವೇಗಗಳಿಂದ ಗಾಳಿಯ ತೂಕ ತೆಗೆಯಬೇಕು. ಸಿಲಿಂಡರ್ ಪ್ರತಿ ಸಲ ಎಷ್ಟು ತುಂಬುತ್ತದೆ ಎಂಬ ಇನ್ನೊಂದು ಊಹೆ ಒಳಗೆ ಬರುತ್ತದೆ. ಡೀಸೆಲ್ ಕಾರಿಗೆ ಈ ದಾರಿಯೇ ಬೇಡ. ಡೀಸೆಲ್ ಎಂಜಿನ್ನಿನಲ್ಲಿ ಗಾಳಿಗೂ ಇಂಧನಕ್ಕೂ ನಿಶ್ಚಿತ ಪ್ರಮಾಣವೆಂಬುದಿಲ್ಲ.

ಸರಾಸರಿ ತೆಗೆಯುವಾಗ ಪ್ರತಿ ಕ್ಷಣದ ಮೈಲೇಜುಗಳನ್ನು ಕೂಡಿ ಭಾಗಿಸಬಾರದು. ಸಿಗ್ನಲ್ಲಿನಲ್ಲಿ ಹತ್ತು ನಿಮಿಷ ನಿಂತರೆ ಮೈಲೇಜು ಸೊನ್ನೆ, ಆದರೆ ಸೆಕೆಂಡಿಗೆ 2 ಗ್ರಾಂ ಗಾಳಿಯ ಲೆಕ್ಕದಲ್ಲಿ ಸುಮಾರು 120 ಮಿಲಿಲೀಟರ್ ಖರ್ಚಾಗಿರುತ್ತದೆ. ಒಟ್ಟು ದೂರವನ್ನು ಒಟ್ಟು ಇಂಧನದಿಂದ ಭಾಗಿಸುವುದೇ ಸರಿ.

ಕೊನೆಗೆ ಈ ಲೆಕ್ಕವನ್ನು ಬಂಕಿನ ಮೀಟರಿಗೆ ಒಡ್ಡಬೇಕು: ಟ್ಯಾಂಕ್ ತುಂಬಿಸಿ, ಓಡಿಸಿ, ಅದೇ ಬಂಕಿನಲ್ಲಿ ನಾಜಲ್ ತಾನಾಗಿ ಕಟ್ ಆಗುವವರೆಗೆ ಮತ್ತೆ ತುಂಬಿಸಿ ನೋಡುವುದು. ನಾಜಲ್ ಕಟ್ ಆಗುವ ಜಾಗ ಒಂದೊಂದು ಸಲಕ್ಕೆ ಅರ್ಧ ಲೀಟರ್ ಆಚೀಚೆ ಆದರೆ, ಐದು ಲೀಟರ್ ಮಾತ್ರ ಖರ್ಚು ಮಾಡಿದ ತಂಡಕ್ಕೆ ಅದು ಶೇಕಡಾ ಹತ್ತರ ತಪ್ಪು, 14.7 ಸರಿಯೋ 13.5 ಸರಿಯೋ ಎಂದು ಅವರು ಹೇಳಲಾರರು. ಇಪ್ಪತ್ತೈದು ಲೀಟರ್ ಓಡಿಸಿದವರಿಗೆ ಅದೇ ಅರ್ಧ ಲೀಟರ್ ಶೇಕಡಾ ಎರಡು ಮಾತ್ರ.